ಹಾಲ್ 3, ಸ್ಟಾಲ್ 42ಕ್ಕೆ ಬನ್ನಿ, ಮುಟ್ಟಿ ನೋಡಿ

ಫೋಟೋದಲ್ಲಿ ಎಲ್ಲ ಚೀಲವೂ ಚೆನ್ನಾಗೇ ಕಾಣುತ್ತೆ, ಅಲ್ವಾ? ಅದಕ್ಕೇ ಕರೆಯುತ್ತಿದ್ದೇವೆ. ನಮ್ಮ ಸೆಣಬಿನ ಚೀಲದ ಹಿಡಿಕೆ ಹಿಡಿದು ಜೋರಾಗಿ ಎಳೆಯಿರಿ. ಒಳಗಿನ ಅಡ್ಡ ಹೊಲಿಗೆಯನ್ನೂ ತಿರುಗಿಸಿ ನೋಡಿ. ತೆಂಗಿನ ನಾರಿನ ಕಾಲೊರೆಸು, ಕೈಮಗ್ಗದ ಹತ್ತಿ ಟವೆಲ್, ಮೇಜಿನ ಹಾಸು ಕೂಡ ಇವೆ. ಟವೆಲ್ ಒಗೆದದ್ದು, ಒಗೆಯದ್ದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇವೆ. ಎಷ್ಟು ಕುಗ್ಗುತ್ತೆ ಅಂತ ನೀವೇ ಅಳೆಯಿರಿ, ಟೇಪ್ ಅಲ್ಲೇ ಇದೆ.

ಮೊದಲ ಆರ್ಡರ್ 200 ಪೀಸ್ ಆದರೂ ಸಾಕು. ನಿಮ್ಮ ಲೇಬಲ್ ಹಾಕಿ ಕಳಿಸುತ್ತೇವೆ.

ಗುರುವಾರದಿಂದ ಶನಿವಾರ: ಬೆಳಿಗ್ಗೆ 10ರಿಂದ ಸಂಜೆ 6.
ಭಾನುವಾರ: ಮಧ್ಯಾಹ್ನ 2ರವರೆಗೆ ಮಾತ್ರ.

ರೇಟು, ಡೆಲಿವರಿ ಬಗ್ಗೆ ಕೂತು ಮಾತಾಡಬೇಕಾದರೆ ಬೆಳಿಗ್ಗೆಯೇ ಬನ್ನಿ. ಮಧ್ಯಾಹ್ನದ ಮೇಲೆ ಜನ ಜಾಸ್ತಿ, ಇರೋದು ಎರಡೇ ಕುರ್ಚಿ! ವಿಸಿಟಿಂಗ್ ಕಾರ್ಡ್ ಮರೆಯಬೇಡಿ.