ವಾರ್ಷಿಕ ಸಾಮಾನ್ಯ ಸಭೆಯ ನಡಾವಳಿ: 15-6-2025ರಂದು ಮುಂದೂಡಿ, 29-6-2025ರಂದು ಮುಂದುವರಿಸಿದ ಸಭೆ

ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ಬೆಂಗಳೂರು
ಸ್ಥಳ: ಕ್ಲಬ್ ಹಾಲ್. ದಿನ: ಭಾನುವಾರ, 29-6-2025. ಬೆಳಿಗ್ಗೆ 10.40ಕ್ಕೆ ಶುರುವಾಯಿತು.

ಸಭೆ ಯಾಕೆ ಮುಂದೂಡಲಾಯಿತು

ಜೂನ್ 15ರ ಸಭೆಯಲ್ಲಿ 1ರಿಂದ 4ರವರೆಗಿನ ವಿಷಯಗಳು ಮುಗಿದಿದ್ದವು. 5ನೇ ವಿಷಯ, ಅಂದರೆ ನೀರಿನ ಖರ್ಚು ಹಂಚುವುದು, ಅರ್ಧದಲ್ಲಿತ್ತು. ಮಧ್ಯಾಹ್ನ 2 ಗಂಟೆಯಿಂದ ಹಾಲ್ ಒಂದು ನಾಮಕರಣಕ್ಕೆ ಬುಕ್ ಆಗಿತ್ತು. ಮೀಟರ್ ಕೊಟೇಶನ್‌ಗಳೂ ಆ ದಿನ ಕೈಗೆ ಬಂದಿರಲಿಲ್ಲ. ಹಾಗಾಗಿ 1.25ಕ್ಕೆ ಸಭೆ ನಿಲ್ಲಿಸಿ, ಇಂದಿನ ದಿನ, ಸಮಯ, ಸ್ಥಳವನ್ನು ಅಲ್ಲೇ ಎಲ್ಲರ ಮುಂದೆ ಹೇಳಲಾಯಿತು. ಬೈಲಾ ಪ್ರಕಾರ 30 ದಿನದೊಳಗೆ ಮತ್ತೆ ಸೇರಿದರೆ ಹೊಸ ನೋಟಿಸ್ ಬೇಕಿಲ್ಲ. ಆದರೂ ಅಂದು ಬರದಿದ್ದವರಿಗೆ ತಿಳಿಯಲಿ ಎಂದು ನೋಟಿಸ್ ಬೋರ್ಡ್‌ನಲ್ಲೂ ವಾಟ್ಸಾಪ್ ಗುಂಪಿನಲ್ಲೂ ಹಾಕಲಾಗಿತ್ತು.

ಹಾಜರಿ

ಒಟ್ಟು 96 ಮನೆ. ಕೋರಂಗೆ 32 ಬೇಕು. ಇಂದು 44 ಮನೆಗಳ ಹಾಜರಿ ಇತ್ತು. ಇದರಲ್ಲಿ 38 ಮನೆಗಳಿಂದ ಮಾಲೀಕರೇ ಬಂದಿದ್ದರು. 6 ಮನೆಯವರು ಅಧಿಕಾರ ಪತ್ರ ಕೊಟ್ಟು ಬೇರೆಯವರನ್ನು ಕಳಿಸಿದ್ದರು. ಜೂನ್ 15ರಂದು ಬಂದಿದ್ದ 51 ಮನೆಗಳ ಪೈಕಿ 35 ಮನೆಯವರು ಇಂದೂ ಇದ್ದರು. ಉಳಿದ 9 ಮನೆಯವರು ಇಂದೇ ಮೊದಲು ಬಂದವರು. ಎರಡೂ ದಿನದ ಸಹಿ ಹಾಳೆಗಳನ್ನು ಬೇರೆಬೇರೆಯಾಗಿ ಈ ನಡಾವಳಿಗೆ ಲಗತ್ತಿಸಲಾಗಿದೆ.

ಶುರುವಿನಲ್ಲೇ ಎದ್ದ ಪ್ರಶ್ನೆಗಳು

ಜೂನ್ 15ರ ನಡಾವಳಿಯನ್ನು ಮೊದಲು ಓದಿ ಒಪ್ಪಬೇಕಲ್ವಾ ಎಂದು ಬಿ-207ರವರು ಕೇಳಿದರು. ಇದು ಬೇರೆ ಸಭೆಯಲ್ಲ, ಅದೇ ಸಭೆಯ ಮುಂದಿನ ಭಾಗ ಎಂದು ಅಧ್ಯಕ್ಷರು ಹೇಳಿದರು. ಎರಡೂ ದಿನದ ನಡಾವಳಿ ಮುಂದಿನ ಸಾಮಾನ್ಯ ಸಭೆಯಲ್ಲಿ ಒಟ್ಟಿಗೆ ಒಪ್ಪಿಗೆಗೆ ಬರುತ್ತದೆ. 1ರಿಂದ 4ರವರೆಗೆ ತೆಗೆದುಕೊಂಡ ತೀರ್ಮಾನಗಳು ಹಾಗೇ ಉಳಿಯುತ್ತವೆ. ಅವುಗಳ ಮೇಲೆ ಇಂದು ಚರ್ಚೆ ಇಲ್ಲ.

ಅಂದಿನ ಚರ್ಚೆ ಕೇಳದೆ ಇಂದು ಬಂದವರು ಮತ ಹಾಕಬಹುದೇ ಎಂದು ಡಿ-102ರವರು ಕೇಳಿದರು. ಸದಸ್ಯರೆಲ್ಲರೂ ಹಾಕಬಹುದು ಎಂದು ಅಧ್ಯಕ್ಷರು ತಿಳಿಸಿದರು. ಅಂದು ಎಲ್ಲಿಗೆ ನಿಂತಿತ್ತು ಎಂಬುದನ್ನು ಕಾರ್ಯದರ್ಶಿ ಓದಿ ಹೇಳಿದ ಮೇಲೆಯೇ ಮಾತು ಮುಂದುವರಿಯಿತು.

ಬಿ-405ರವರು ಅತಿಥಿಗಳ ಪಾರ್ಕಿಂಗ್ ವಿಷಯ ಎತ್ತಿದರು. ಮೂಲ ಪಟ್ಟಿಯಲ್ಲಿ ಇಲ್ಲದ ವಿಷಯವನ್ನು ಮುಂದುವರಿದ ಸಭೆಯಲ್ಲಿ ತರುವಂತಿಲ್ಲ ಎಂದು ಅಧ್ಯಕ್ಷರು ಅದನ್ನು ತೆಗೆದುಕೊಳ್ಳಲಿಲ್ಲ. ಸಮಿತಿಗೆ ಬರೆದು ಕೊಡಲು ಅವರು ಒಪ್ಪಿದರು.

ವಿಷಯ 5: ನೀರಿನ ಖರ್ಚು ಹಂಚಿಕೆ (ಮುಂದುವರಿದದ್ದು)

ಅಂದು ನಿಂತಿದ್ದ ಜಾಗ ಹೀಗಿತ್ತು. ಮೂಲ ಠರಾವು: ಪ್ರತಿ ಮನೆಗೂ ಮೀಟರ್ ಹಾಕಿ, ಬಳಸಿದಷ್ಟಕ್ಕೆ ಹಣ ಪಡೆಯುವುದು. ಮಂಡಿಸಿದವರು ಸಿ-201, ಅನುಮೋದಿಸಿದವರು ಎ-110. ಅದಕ್ಕೆ ಡಿ-102ರವರು ತಿದ್ದುಪಡಿ ತಂದಿದ್ದರು: ಮೀಟರ್ ಬೇಡ, ಮನೆಯಲ್ಲಿರುವ ಜನರ ಲೆಕ್ಕದಲ್ಲಿ ಹಂಚಿ. ತಿದ್ದುಪಡಿಯ ಮೇಲೆ ನಾಲ್ವರು ಮಾತಾಡಿದ್ದರು, ಮತಕ್ಕೆ ಹಾಕಿರಲಿಲ್ಲ. ಇಂದು ಅಲ್ಲಿಂದಲೇ ಶುರು ಮಾಡಲಾಯಿತು.

ನಡುವಿನ ಎರಡು ವಾರದಲ್ಲಿ ಸಮಿತಿ ಕಲೆಹಾಕಿದ ಲೆಕ್ಕವನ್ನು ಖಜಾಂಚಿ ಮುಂದಿಟ್ಟರು. ಮೇ ತಿಂಗಳಲ್ಲಿ 12,000 ಲೀಟರ್‌ನ 93 ಟ್ಯಾಂಕರ್ ತರಿಸಿದ್ದೇವೆ. ಟ್ಯಾಂಕರ್‌ಗೆ 1,400 ರೂ.ನಂತೆ 1,30,200 ರೂ. ಆಗಿದೆ. ಮೂರು ಬೋರ್‌ವೆಲ್‌ಗಳಲ್ಲಿ ಎರಡು ಬತ್ತಿವೆ. ಈಗ ಖರ್ಚನ್ನು ಚದರ ಅಡಿಯ ಮೇಲೆ ಹಂಚುತ್ತಿದ್ದೇವೆ.

ಸಿ-201ರವರ ಒಪ್ಪಿಗೆ ಪಡೆದು ಅವರ ಮನೆಯ ಮೂರೂ ಲೈನ್‌ಗಳಿಗೆ ಹತ್ತು ದಿನ ಮೀಟರ್ ಹಾಕಿ ನೋಡಲಾಯಿತು. ನಾಲ್ಕು ಜನರ ಮನೆ. ಹತ್ತು ದಿನಕ್ಕೆ 4,180 ಲೀಟರ್ ಆಯಿತು. ಅಂದರೆ ತಲೆಗೆ ದಿನಕ್ಕೆ ಸುಮಾರು 104 ಲೀಟರ್. ನಗರಗಳಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 135 ಲೀಟರ್.

ಬಿ ಬ್ಲಾಕ್‌ನ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪ್‌ಗೂ ಒಂದು ದೊಡ್ಡ ಮೀಟರ್ ಹಾಕಿ, ರಾತ್ರಿ 12ರಿಂದ 4ರವರೆಗೆ ನೋಡಲಾಯಿತು. ಎಲ್ಲರೂ ಮಲಗಿರುವ ಹೊತ್ತು ಅದು. 1,900 ಲೀಟರ್ ಹೋಗಿತ್ತು. ಇಷ್ಟು ನೀರು ಬಳಕೆಯಿಂದ ಹೋಗಲು ಸಾಧ್ಯವೇ ಇಲ್ಲ, ಎಲ್ಲೋ ಸೋರುತ್ತಿದೆ ಎಂದು ಪ್ಲಂಬರ್ ಹೇಳಿದ್ದನ್ನು ಖಜಾಂಚಿ ಓದಿದರು. ಇದು ಕೇಳಿದ ಮೇಲೆ ಮಾತಿನ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಯಾರು ಜಾಸ್ತಿ ಬಳಸುತ್ತಾರೆ ಎಂದೇ ವಾದ ನಡೆದಿತ್ತು.

ಎ-304ರ ಹಿರಿಯ ಸದಸ್ಯೆ ಕ್ಯಾಲೆಂಡರ್ ಹಾಳೆ ತಂದಿದ್ದರು. ಪ್ರತಿ ದಿನದ ಚೌಕದಲ್ಲಿ ಬಕೆಟ್ ಲೆಕ್ಕದ ಗೀಟುಗಳಿದ್ದವು. ಹೆಚ್ಚಿನ ದಿನ ನಾಲ್ಕು, ಬಟ್ಟೆ ಒಗೆದ ದಿನ ಏಳು. “ನಾನೊಬ್ಬಳೇ ಇರೋದು. ಮನೆ ದೊಡ್ಡದು ಅಂತ ಮೂರು ಜನರ ದುಡ್ಡು ಕಟ್ತಿದ್ದೀನಿ. ತಲೆ ಲೆಕ್ಕವಾದರೂ ಮಾಡಿ, ಮೀಟರ್ ಆದರೂ ಹಾಕಿ, ಇದು ಬೇಡ” ಎಂದರು. ಅವರ ಮಾತನ್ನು ಹೇಳಿದಂತೆಯೇ ದಾಖಲಿಸಿದ್ದೇನೆ. ಎರಡೂ ಕಡೆಯವರು ಅದನ್ನು ತಮ್ಮ ಪರ ಎಂದು ಎತ್ತಿಕೊಂಡರು, ಆದರೆ ಅವರು ಕೇಳಿದ್ದು ಈಗಿನ ಪದ್ಧತಿ ಹೋಗಲಿ ಎಂದಷ್ಟೇ.

ಜನರ ಲೆಕ್ಕದಲ್ಲಿ ಇರುವ ತೊಡಕನ್ನು ಬಿ-310ರವರು ವಿವರಿಸಿದರು. ಬಾಡಿಗೆ ಮನೆಗಳಲ್ಲಿ ಜನ ಬದಲಾಗುತ್ತಿರುತ್ತಾರೆ. ರಜೆಗೆ ನೆಂಟರು ಬರುತ್ತಾರೆ. ಮನೆಮನೆಗೆ ಹೋಗಿ ತಲೆ ಎಣಿಸುವವರು ಯಾರು? ಡಿ-102ರವರ ಉತ್ತರ: ಮೂರು ಲೈನ್ ಇರುವ ಕಟ್ಟಡದಲ್ಲಿ ಮೀಟರ್ ಖರ್ಚು ತುಂಬಾ, ಕೆಟ್ಟರೆ ರಿಪೇರಿ ಇನ್ನೊಂದು ತಲೆನೋವು.

ಕಾವೇರಿ ನೀರು ಬಂದರೆ ಇದೆಲ್ಲ ಯಾಕೆ ಎಂದು ಎ-208ರವರು ಕೇಳಿದರು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ 5ನೇ ಹಂತ ನಮ್ಮಂಥ 110 ಹಳ್ಳಿಗಳ ಪ್ರದೇಶಕ್ಕೇ ಮಾಡಿದ್ದು, ನಮ್ಮ ಅರ್ಜಿ ಜಲಮಂಡಳಿಯಲ್ಲಿದೆ ಎಂದು ಅಧ್ಯಕ್ಷರು ತಿಳಿಸಿದರು. ಆದರೆ ಆ ಬಿಲ್ಲೂ ಇಡೀ ಕಟ್ಟಡಕ್ಕೆ ಒಂದೇ ಬರುತ್ತದೆ. ಒಳಗೆ ಹಂಚುವ ಕೆಲಸ ಆಗಲೂ ನಮ್ಮದೇ.

ತಿದ್ದುಪಡಿ ಮತಕ್ಕೆ: ಪರ 16, ವಿರೋಧ 25, ತಟಸ್ಥ 3. ತಿದ್ದುಪಡಿ ಬಿದ್ದುಹೋಯಿತು.

11.50ಕ್ಕೆ ಇಬ್ಬರು ಸದಸ್ಯರು ಹೊರಟರು. ಉಳಿದದ್ದು 42, ಕೋರಂ ಇದೆ ಎಂದು ಕಾರ್ಯದರ್ಶಿ ಎಣಿಸಿ ಹೇಳಿದರು.

ಮೊದಲು ಸೋರಿಕೆ ಸರಿಯಾಗಬೇಕು, ಇಲ್ಲದಿದ್ದರೆ ಸೋರಿದ ನೀರಿಗೂ ನಾವೇ ಜಗಳ ಆಡುತ್ತೇವೆ ಎಂದು ಬಿ-310ರವರು ಸೂಚಿಸಿದರು. ಸಿ-201 ಮತ್ತು ಎ-110 ಇಬ್ಬರೂ ಒಪ್ಪಿ, ಸಭೆಯ ಅನುಮತಿಯೊಂದಿಗೆ ಅದನ್ನು ಮೂಲ ಠರಾವಿಗೆ ಸೇರಿಸಿಕೊಂಡರು.

ಠರಾವು: ಜುಲೈ 31ರೊಳಗೆ ಬಿ ಬ್ಲಾಕ್ ಸೋರಿಕೆ ಸರಿಪಡಿಸಿ, ಉಳಿದ ಬ್ಲಾಕ್‌ಗಳಲ್ಲೂ ರಾತ್ರಿ ಮೀಟರ್ ನೋಡುವುದು. ಆಮೇಲೆ 96 ಮನೆಗಳಿಗೆ ಮನೆಗೆ ಮೂರರಂತೆ 288 ಮೀಟರ್ ಹಾಕಿಸುವುದು. ಬಂದಿದ್ದ ಎರಡು ಕೊಟೇಶನ್‌ಗಳಲ್ಲಿ ಕಡಿಮೆಯದನ್ನು, ಅಂದರೆ ಫಿಟ್ಟಿಂಗ್ ಸೇರಿ ಮೀಟರ್‌ಗೆ 2,600 ರೂ.ನಂತೆ ಒಟ್ಟು 7,48,800 ರೂ., ಕಾರ್ಪಸ್ ಫಂಡ್‌ನಿಂದ ಕೊಡುವುದು. ಮೊದಲ ಎರಡು ತಿಂಗಳು ರೀಡಿಂಗ್ ತೋರಿಸುವುದು ಮಾತ್ರ, ಹಣ ಹಳೇ ಲೆಕ್ಕದಲ್ಲೇ. ತೋಟ, ಮೆಟ್ಟಿಲು ಮುಂತಾದ ಸಾಮಾನ್ಯ ಜಾಗದ ನೀರಿಗೆ ಚದರ ಅಡಿ ಲೆಕ್ಕ ಮುಂದುವರಿಯುತ್ತದೆ.

5 ಲಕ್ಷ ಮೀರಿದ ಖರ್ಚಿಗೆ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಅಂದರೆ 28. ಪರ 31, ವಿರೋಧ 8, ತಟಸ್ಥ 3. ಠರಾವು ಪಾಸಾಯಿತು. ತಮ್ಮ ವಿರೋಧ ದಾಖಲಾಗಬೇಕೆಂದು ಡಿ-102ರವರು ಕೇಳಿದ್ದರಿಂದ ಇಲ್ಲಿ ದಾಖಲಿಸಿದೆ.

ವಿಷಯ 6: ಎಸ್‌ಟಿಪಿ ಬ್ಲೋವರ್ ರಿಪೇರಿ

ಮೋಟಾರ್ ರಿವೈಂಡಿಂಗ್ ಮತ್ತು ಬೇರಿಂಗ್‌ಗೆ 68,000 ರೂ. ಹೆಚ್ಚು ಚರ್ಚೆ ಇಲ್ಲದೆ ಎಲ್ಲರೂ ಒಪ್ಪಿದರು. ಬ್ಲೋವರ್ ನಿಂತರೆ ಫ್ಲಶ್‌ಗೂ ಟ್ಯಾಂಕರ್ ನೀರೇ ಗತಿ, ಹಾಗಾಗಿ ಈ ವಾರವೇ ಮಾಡಿಸಬೇಕು.

ವಿಷಯ 7: ಕಟ್ಟಡಕ್ಕೆ ಬಣ್ಣ

ಮೀಟರ್ ಖರ್ಚು ಬಂದಿರುವುದರಿಂದ ಈ ವರ್ಷ ಬೇಡ ಎಂದು ಮಂಡಿಸಿದವರೇ ಹಿಂತೆಗೆದುಕೊಂಡರು. ಸಭೆ ಒಪ್ಪಿತು.

ಜೂನ್ 15ರ ಪಟ್ಟಿಯಲ್ಲಿ ಬಾಕಿ ಏನೂ ಉಳಿದಿಲ್ಲ. ಮಧ್ಯಾಹ್ನ 12.50ಕ್ಕೆ ವಾರ್ಷಿಕ ಸಾಮಾನ್ಯ ಸಭೆ ಮುಗಿಯಿತು ಎಂದು ಅಧ್ಯಕ್ಷರು ಘೋಷಿಸಿದರು.

ಬರೆದವರು: ಕಾರ್ಯದರ್ಶಿ, 30-6-2025
ನೋಡಿ ಒಪ್ಪಿದವರು: ಅಧ್ಯಕ್ಷರು, 2-7-2025