ಉತ್ಸವಮೂರ್ತಿಯನ್ನು ಆರು ದಿನಗಳ ಮಟ್ಟಿಗೆ ಕಳುಹಿಸಿಕೊಡಲು ಕೋರಿ ಗ್ರಾಮದ ಹಿರಿಯರ ಮನವಿ

ಹೊನ್ನೆಕಟ್ಟೆ ಗ್ರಾಮ, ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ
ದಿನಾಂಕ: 12-11-2025

ಇವರಿಗೆ,
ಕ್ಯುರೇಟರ್ ಅವರು,
ರಾಜ್ಯ ಸರ್ಕಾರಿ ವಸ್ತುಸಂಗ್ರಹಾಲಯ, ಬೆಂಗಳೂರು

ಮಾನ್ಯರೇ,

ವಿಷಯ: ನಮ್ಮೂರಿನ ವೇಣುಗೋಪಾಲಸ್ವಾಮಿ ಉತ್ಸವಮೂರ್ತಿಯನ್ನು 29-01-2026ರಿಂದ 03-02-2026ರವರೆಗೆ ರಥೋತ್ಸವಕ್ಕಾಗಿ ಎರವಲು ಕೊಡುವ ಬಗ್ಗೆ.

ಮೂರ್ತಿಯನ್ನು ಊರಿಗೇ ಬಿಟ್ಟುಕೊಡಿ ಎಂದು ನಾವು ಕೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ವರ್ಷದ ಭಾರತ ಹುಣ್ಣಿಮೆ ಫೆಬ್ರುವರಿ 1ರ ಭಾನುವಾರ ಬರುತ್ತದೆ, ಅಂದು ನಮ್ಮೂರ ತೇರು. ಗುರುವಾರ ಮೂರ್ತಿ ಬಂದು ಮಂಗಳವಾರ ಹೊರಟರೆ ನಮಗೆ ಸಾಕು.

ಮೂರ್ತಿ ತಮ್ಮಲ್ಲಿಗೆ ಬಂದ ಬಗೆ ತಮ್ಮ ಕಡತದಲ್ಲಿ ಇದ್ದೇ ಇರುತ್ತದೆ. 1983ರ ಮಳೆಗಾಲದ ಒಂದು ರಾತ್ರಿ ಗರ್ಭಗುಡಿಯ ಬೀಗ ಮುರಿದು ಮೂರು ಮೂರ್ತಿಗಳನ್ನು ಕದ್ದೊಯ್ದರು. ರುಕ್ಮಿಣಿ, ಸತ್ಯಭಾಮೆಯರು ಇಂದಿಗೂ ಸಿಕ್ಕಿಲ್ಲ. ಸ್ವಾಮಿ ಮಾತ್ರ ಸಿಕ್ಕಿದ. ಮುದ್ದೇಮಾಲಾಗಿ ಎಷ್ಟೋ ವರ್ಷ ಕಳೆದ ಮೇಲೆ, ದೇವಸ್ಥಾನದಲ್ಲಿ ಭದ್ರತೆಯಿಲ್ಲವೆಂಬ ಕಾರಣಕ್ಕೆ ನ್ಯಾಯಾಲಯ ಅವನನ್ನು ಸಂಗ್ರಹಾಲಯಕ್ಕೆ ಒಪ್ಪಿಸಿತು. ಆಗ ನಮ್ಮ ಗುಡಿಗಿದ್ದದ್ದು ಮರದ ಬಾಗಿಲು, ಒಂದು ಬೀಗ. ನ್ಯಾಯಾಲಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದಿನಿಂದ ತೇರಿನಲ್ಲಿ ಕಲಶವನ್ನೂ ಕಟ್ಟುಹಾಕಿಸಿದ ಒಂದು ಫೋಟೋವನ್ನೂ ಇಟ್ಟು ಎಳೆಯುತ್ತಿದ್ದೇವೆ.

ಹೋದ ಆಷಾಢದಲ್ಲಿ ನಾವು ಐವರು ಬೆಂಗಳೂರಿಗೆ ಬಂದು ಮೂರ್ತಿಯನ್ನು ನೋಡಿಕೊಂಡು ಹೋದೆವು. ನಮ್ಮ ಜೊತೆಗಿದ್ದ ಅರ್ಚಕರ ಅತ್ತೆಯವರು ಕಪಾಟಿನ ಮುಂದೆ ಚಪ್ಪಲಿ ಬಿಟ್ಟು ನಿಂತರು, ಸೆರಗಿನ ಗಂಟಿನಿಂದ ಕರ್ಪೂರವನ್ನೂ ತೆಗೆದರು. ಕಾವಲುಗಾರರು ಗದರಲಿಲ್ಲ. ‘ಅಮ್ಮ, ಇಲ್ಲಿ ಬೇಡ’ ಎಂದಷ್ಟೇ ಅಂದರು. ಅವರಿಗೆ ನಮ್ಮ ನಮಸ್ಕಾರ ತಿಳಿಸಬೇಕು. ಗಾಜಿನೊಳಗೆ ಮೂರ್ತಿ ನಾವು ನೋಡುತ್ತಿದ್ದ ಕಾಲಕ್ಕಿಂತ ಶುಭ್ರವಾಗಿದೆ, ಅದನ್ನೂ ಒಪ್ಪಿಕೊಳ್ಳಬೇಕು.

ಅಲ್ಲಿನ ಫಲಕದಲ್ಲಿ ‘ವೇಣುಗೋಪಾಲ, ಕಂಚು, ಕೊಳಲು ಲಭ್ಯವಿಲ್ಲ’ ಎಂದು ಬರೆದಿದೆ. ಕೊಳಲು ಊರಿನಲ್ಲಿದೆ. ಅದು ಬೆಳ್ಳಿಯದು, ಬೇರೆಯಾಗಿ ಮಾಡಿದ್ದು. ಉತ್ಸವದ ದಿನ ಮಾತ್ರ ಬೆರಳುಗಳ ನಡುವೆ ತೂರಿಸಿ, ಉಳಿದ ದಿನಗಳಲ್ಲಿ ಅರ್ಚಕರ ಮನೆಯ ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಅದರಿಂದಲೇ ಅದು ಕಳ್ಳರ ಕೈಗೆ ಸಿಗಲಿಲ್ಲ. ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳದೇ ಇದ್ದದ್ದು ಅದೂ ಹೊರಟುಹೋದೀತೆಂಬ ಭಯದಿಂದ. ಈಗ ಹೇಳುತ್ತಿದ್ದೇವೆ. ತಮ್ಮ ಅಧಿಕಾರಿಗಳು ಬಂದು ನೋಡಬಹುದು, ಅಳೆಯಬಹುದು, ಫೋಟೋ ತೆಗೆಯಬಹುದು. ಮೂರ್ತಿಯ ಬಾಗಿದ ಬೆರಳುಗಳಿಗೆ ಅದು ಸರಿಯಾಗಿ ಕೂರುತ್ತದೆಯೇ ಎಂದು ತಾವೇ ಪರೀಕ್ಷಿಸಿದರೆ ಇದು ಯಾವ ಊರಿನ ಮೂರ್ತಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಇನ್ನೊಂದು ಸಂಗತಿಯಿದೆ, ನಮ್ಮ ಅವಸರಕ್ಕೆ ನಿಜವಾದ ಕಾರಣ ಅದೇ. ಪೀಠದ ನಾಲ್ಕು ಮೂಲೆಗಳಲ್ಲಿ ಕಿವಿಯಂತಹ ಬಳೆಗಳಿವೆಯಲ್ಲ, ಮೂರ್ತಿಯನ್ನು ಪಲ್ಲಕ್ಕಿಗೆ ಬಿಗಿಯಲು ಹಗ್ಗ ತೂರಿಸುವುದು ಅವುಗಳಲ್ಲಿ. ಪಲ್ಲಕ್ಕಿ ಕುಲುಕಿದರೂ ಮೂರ್ತಿ ಅಲುಗಬಾರದು, ಮೈಗೆ ಹಗ್ಗ ಉಜ್ಜಬಾರದು, ಇಳಿಸುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಆ ಕಟ್ಟು ಬಲ್ಲವರು ಊರಿನಲ್ಲಿ ಈಗ ಇಬ್ಬರೇ. ಒಬ್ಬರಿಗೆ 81 ವರ್ಷ, ಇನ್ನೊಬ್ಬರ ಬಲಗೈ ನಡುಗುತ್ತದೆ. ಹುಡುಗರಿಗೆ ಮರದ ಮಣೆಯ ಮೇಲೆ ಕಟ್ಟಿ ತೋರಿಸಿದ್ದೇವೆ. ಆದರೆ ಮೂರ್ತಿಯ ಭಾರ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮಣೆ ಹೇಗೆ ಹೇಳೀತು? ಇಂದು ತೇರು ಎಳೆಯುವ ಹುಡುಗರಲ್ಲಿ ಒಬ್ಬನೂ ಸ್ವಾಮಿಯನ್ನು ತೇರಿನ ಮೇಲೆ ಕಂಡವನಲ್ಲ.

ಇಂತಹ ಏರ್ಪಾಡು ನಮ್ಮ ಜಿಲ್ಲೆಗೆ ಹೊಸದಲ್ಲ. ಮೇಲುಕೋಟೆಯ ವೈರಮುಡಿ ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಬ್ರಹ್ಮೋತ್ಸವಕ್ಕೆ ಪೊಲೀಸ್ ಬಂದೋಬಸ್ತಿನಲ್ಲಿ ಹೋಗುತ್ತದೆ, ಚೆಲುವನಾರಾಯಣನ ತಲೆಯೇರುತ್ತದೆ, ಮತ್ತೆ ಖಜಾನೆಗೆ ಮರಳುತ್ತದೆ. ತಮಿಳುನಾಡಿನಲ್ಲಿ ತಿರುವಾರೂರಿನ ವಿಗ್ರಹ ಸಂರಕ್ಷಣಾ ಕೇಂದ್ರದಲ್ಲಿಟ್ಟ ಮೂರ್ತಿಗಳನ್ನೂ ಹಬ್ಬಗಳಿಗೆ ಅವುಗಳ ಊರುಗಳಿಗೆ ಕೊಂಡೊಯ್ಯುವ ಪದ್ಧತಿಯಿದೆ. ನಮ್ಮದು ಅಷ್ಟು ದೊಡ್ಡ ಕ್ಷೇತ್ರವಲ್ಲ, ಬಂದೋಬಸ್ತೂ ಅಷ್ಟು ಬೇಕಾಗಲಾರದು.

ಲೋಹದ ಬಗ್ಗೆ ತಮಗಿರುವ ಆತಂಕ ನಮಗೆ ಅರ್ಥವಾಗುತ್ತದೆ. ಹಿಂದೆ ಉತ್ಸವದ ಮುನ್ನಾದಿನ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆವು, ಹಾಲು, ಮೊಸರು, ಎಳನೀರಿನ ಅಭಿಷೇಕ ಮಾಡುತ್ತಿದ್ದೆವು. ಹುಳಿಯೂ ಉಪ್ಪೂ ಹಳೆಯ ಕಂಚನ್ನು ತಿನ್ನುತ್ತವೆ, ಒಮ್ಮೆ ಹಸಿರು ಪುಡಿ ಏಳತೊಡಗಿದರೆ ತಡೆಯುವುದು ಕಷ್ಟ ಎಂದು ತಮ್ಮ ಸಿಬ್ಬಂದಿಯೇ ನಮಗೆ ವಿವರಿಸಿದರು. ಆದ್ದರಿಂದ ಅಭಿಷೇಕ ಕನ್ನಡಿಗೆ ನಡೆಯುತ್ತದೆ. ಮೂರ್ತಿಯ ಎದುರು ಕನ್ನಡಿ ಹಿಡಿದು, ಅದರಲ್ಲಿ ಕಾಣುವ ಬಿಂಬಕ್ಕೆ ಎರೆಯುವುದು. ಇದಕ್ಕೆ ಶಾಸ್ತ್ರದ ಒಪ್ಪಿಗೆಯಿದೆ ಎಂದು ಅರ್ಚಕರು ಹೇಳಿದ್ದಾರೆ. ಗಂಧ, ಕುಂಕುಮ, ಎಣ್ಣೆ ಯಾವುದನ್ನೂ ಮೈಗೆ ಹಚ್ಚುವುದಿಲ್ಲ. ಮೊದಲು ಹತ್ತಿಯ ಬಟ್ಟೆ ಹೊದಿಸಿ, ಅದರ ಮೇಲೆ ಪೀತಾಂಬರ, ಹೂವು. ಹೊರಡುವ ದಿನ ಅರ್ಚಕರು ಕಳೆಯನ್ನು ಕಲಶಕ್ಕೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಅದು ತಮ್ಮ ದಾಖಲೆಯ ಕಂಚಿನ ಮೂರ್ತಿಯೇ, ಯಾರ ಮನಸ್ಸಿನಲ್ಲೂ ಅಳುಕು ಉಳಿಯುವುದಿಲ್ಲ.

ತೇರಿಗೆ ಹಣ್ಣು ಜವನ ಎಸೆಯುವುದನ್ನು ಪೂರ್ತಿ ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟರೆ ಸುಳ್ಳಾದೀತು. ಹರಕೆ ಹೊತ್ತವರ ಕೈ ಹಿಡಿಯಲಾಗದು. ಮೂರ್ತಿ ಕೂರುವ ಜಾಗದ ಮುಂದೆ ಸಣ್ಣ ಕಣ್ಣಿನ ಬಲೆ ಕಟ್ಟಿಸುತ್ತೇವೆ, ಇಬ್ಬರು ಅಲ್ಲೇ ನಿಂತಿರುತ್ತಾರೆ.

ಗುಡಿಗೆ ಈಗ ಕಬ್ಬಿಣದ ಬಾಗಿಲು, ಸಿಸಿಟಿವಿ ಕ್ಯಾಮೆರಾ ಇವೆ. ಆರು ದಿನವೂ ಕಾವಲಿಗೆ ಊರಿನ ಹನ್ನೆರಡು ಮಂದಿ ಸರದಿಯಲ್ಲಿರುತ್ತಾರೆ. ಪೊಲೀಸ್ ರಕ್ಷಣೆಗೂ ಪ್ರತ್ಯೇಕ ಅರ್ಜಿ ಕೊಟ್ಟಿದ್ದೇವೆ. ಸಾಗಣೆ, ವಿಮೆ, ಜೊತೆಯಲ್ಲಿ ಬರುವ ತಮ್ಮ ಸಿಬ್ಬಂದಿಯ ಊಟ ವಸತಿಗೆಂದು ಮನೆಮನೆಯಿಂದ 1,85,000 ರೂಪಾಯಿ ಸಂಗ್ರಹಿಸಿದ್ದೇವೆ. ಸಾಲದಿದ್ದರೆ ತಿಳಿಸಬೇಕು. ಹೊರಡುವಾಗಲೂ ಮರಳುವಾಗಲೂ ಮೂರ್ತಿಯ ಸ್ಥಿತಿಯನ್ನು ಫೋಟೋ ಸಮೇತ ದಾಖಲಿಸಿ ನಮ್ಮ ಸಹಿ ಪಡೆಯಬಹುದು. ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಲು ಸಿದ್ಧರಿದ್ದೇವೆ. ಮೂರ್ತಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದ್ದು ನ್ಯಾಯಾಲಯವಾದ್ದರಿಂದ, ಅದರ ಅನುಮತಿಯೂ ಬೇಕಾದರೆ ಅರ್ಜಿ ಹಾಕುವ ಹೊಣೆ ನಮ್ಮದು. ಅದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ದಯಮಾಡಿ ಬೇಗ ತಿಳಿಸಬೇಕು.

ಈ ಪತ್ರದೊಂದಿಗೆ ಗ್ರಾಮಸಭೆಯ ನಿರ್ಣಯ, ತಹಶೀಲ್ದಾರರ ನಿರಾಕ್ಷೇಪಣಾ ಪತ್ರ, 1983ಕ್ಕೆ ಮೊದಲು ತೆಗೆದ ತೇರಿನ ಎರಡು ಫೋಟೋ ಮತ್ತು ಕೊಳಲಿನ ಅಳತೆ ಬರೆದ ಹಾಳೆಯನ್ನು ಲಗತ್ತಿಸಿದ್ದೇವೆ. ಯಾವ ದಿನ ಬರಲು ಹೇಳುತ್ತೀರೋ ಆ ದಿನ ನಾವೇ ಬಂದು ಕಾಣುತ್ತೇವೆ. ಕೊಳಲನ್ನೂ ತರುತ್ತೇವೆ. ನೋಡಿದ ಮೇಲೆ ಅದನ್ನು ನಮ್ಮ ಕೈಗೇ ಮರಳಿಸುವಿರೆಂದು ಒಂದು ಸಾಲು ಬರೆದು ಕಳುಹಿಸಿದರೆ ಅರ್ಚಕರ ಮನೆಯವರಿಗೆ ನೆಮ್ಮದಿ.

ತಮ್ಮ ವಿಶ್ವಾಸಿಗಳು,

ಹೊನ್ನೆಕಟ್ಟೆ ಗ್ರಾಮದ ಹಿರಿಯರು
(ಪಟೇಲರ ಮನೆ, ಅರ್ಚಕರ ಮನೆ, ಪಲ್ಲಕ್ಕಿ ಹೊರುವ ಎಂಟು ಮನೆಗಳು, ತೇರು ಕಟ್ಟುವ ಬಡಗಿಗಳ ಮನೆ ಹಾಗೂ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಪರವಾಗಿ ಐವರ ಸಹಿ)

ಪ್ರತಿ: ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು, ಜಿಲ್ಲಾಧಿಕಾರಿಗಳು, ಮಂಡ್ಯ