ರೆಫರಲ್ ಕೇಳಿದ ರಕ್ಷಿತಾ ಅವರಿಗೆ

ನಮಸ್ಕಾರ ರಕ್ಷಿತಾ ಅವರೇ,

ನಮ್ಮ ಕಂಪನಿಯ ಕೆಲಸಕ್ಕೆ ರೆಫರ್ ಮಾಡಿ ಎಂದು ಭಾನುವಾರ ನೀವು ಕಳಿಸಿದ ಸಂದೇಶಕ್ಕೆ ಇವತ್ತು ಬರೆಯುತ್ತಿದ್ದೇನೆ. ನಿಮ್ಮ ರೆಸ್ಯೂಮೆಯನ್ನೂ ಕೋಡನ್ನೂ ನೋಡದೆ ಉತ್ತರಿಸಲು ಮನಸ್ಸಾಗಲಿಲ್ಲ. ಪರಿಚಯವಿಲ್ಲದವರಲ್ಲಿ ಕೇಳುತ್ತಿದ್ದೇನೆಂದು ಮೂರು ಸಲ ಕ್ಷಮೆ ಕೇಳಿದ್ದೀರಿ. ಅದು ಬೇಡ. ಮಣಿಪಾಲದಲ್ಲಿ ಓದು ಮುಗಿಸಿದ ವರ್ಷ ನಾನೂ ಹೀಗೆಯೇ ಗುರುತಿಲ್ಲದವರಿಗೆಲ್ಲ ಬರೆದು, ದಿನವೂ ಉತ್ತರ ಬಂತೇ ಎಂದು ನೋಡುತ್ತಿದ್ದೆ. ‘ಮೇಡಂ’ ಕೂಡ ಬೇಡ, ಅಕ್ಕ ಎಂದರೆ ಸಾಕು.

ರೆಫರ್ ಮಾಡುತ್ತೇನೆ. ಆದರೆ ‘ಯಾವ ಕೆಲಸವಾದರೂ ಆಗಬಹುದು’ ಎಂಬ ಮಾತಿಗೆ ರೆಫರ್ ಮಾಡಲು ಬರುವುದಿಲ್ಲ. ನಮ್ಮ ಪೋರ್ಟಲ್ ಹುದ್ದೆಯ ಸಂಖ್ಯೆಯನ್ನೇ ಕೇಳುತ್ತದೆ. ಮಂಗಳೂರು ಕಚೇರಿಯಲ್ಲಿ ಈಗ ಎರಡು ಹುದ್ದೆಗಳಿವೆ. ಟೆಸ್ಟಿಂಗ್ ಹುದ್ದೆಗೆ ಮೂರು ವರ್ಷದ ಅನುಭವ ಬೇಕು. ಜೂನಿಯರ್ ಡೆವಲಪರ್ ಹುದ್ದೆ ನಿಮಗೆ ಹೊಂದುತ್ತದೆ, ಕೊಂಡಿ ಕೆಳಗಿನ ಸಂದೇಶದಲ್ಲಿ ಕಳಿಸಿದ್ದೇನೆ. ಅದನ್ನು ಓದಿ, ಆದರೆ ನೀವಾಗಿಯೇ ಅರ್ಜಿ ಹಾಕಬೇಡಿ. ಒಮ್ಮೆ ಅರ್ಜಿ ಸೇರಿದರೆ ಅದೇ ಹುದ್ದೆಗೆ ನನ್ನ ರೆಫರಲನ್ನು ಪೋರ್ಟಲ್ ತೆಗೆದುಕೊಳ್ಳುವುದಿಲ್ಲ.

ನಿಮ್ಮ ರೆಸ್ಯೂಮೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಕಟ್ಟಕಡೆಯ ಸಾಲಿನಲ್ಲಿತ್ತು: ಕಾರ್ಕಳ–ಉಡುಪಿ ಬಸ್ಸುಗಳ ವೇಳೆ ತೋರಿಸುವ ಆ್ಯಪ್. ಅದನ್ನು ಮೇಲಕ್ಕೆ ತನ್ನಿ. ಎರಡನೇ ಪುಟದ ಪ್ರಮಾಣಪತ್ರಗಳ ಪಟ್ಟಿ ತೆಗೆದರೂ ನಷ್ಟವಿಲ್ಲ. ಆ್ಯಪ್ ಓಡಿಸಿ ನೋಡಿದೆ. ಬೆಳಗಿನ ಪಟ್ಟಿಯಲ್ಲಿ `10:15`ರ ಬಸ್ಸು `9:40`ರ ಬಸ್ಸಿಗಿಂತ ಮೊದಲು ಬರುತ್ತಿದೆ. ವೇಳೆಯನ್ನು ಅಕ್ಷರಗಳಾಗಿ ಉಳಿಸಿದ್ದರಿಂದ ‘1’ ಮೊದಲು, ‘9’ ಆಮೇಲೆ ಎಂದು ಜೋಡಣೆಯಾಗುತ್ತಿದೆ. `09:40` ಎಂದು ಬರೆದರೂ ಸರಿಹೋದೀತು, ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಎಂದು ಲೆಕ್ಕವಿಟ್ಟರೆ ಇನ್ನೂ ಒಳ್ಳೆಯದು. ಸರಿಪಡಿಸಿಕೊಂಡರೆ ಸಂದರ್ಶನದಲ್ಲಿ ಹೇಳಲು ನಿಮ್ಮದೇ ಒಂದು ಅನುಭವ ಕೈಯಲ್ಲಿರುತ್ತದೆ.

ಇನ್ನೊಂದು ವಿಷಯ. ಪೋರ್ಟಲ್ ಕೇಳುವ ‘ಅಭ್ಯರ್ಥಿ ನಿಮಗೆ ಹೇಗೆ ಗೊತ್ತು’ ಎಂಬ ಪ್ರಶ್ನೆಗೆ ನಾನು ಇದ್ದದ್ದನ್ನೇ ಬರೆಯುತ್ತೇನೆ: ವೈಯಕ್ತಿಕ ಪರಿಚಯವಿಲ್ಲ, ಇವರು ಮಾಡಿದ ಆ್ಯಪ್ ಮತ್ತು ಕೋಡನ್ನು ನೋಡಿದ್ದೇನೆ. ಜೊತೆಯಲ್ಲಿ ಕೆಲಸ ಮಾಡದೆ ಅದಕ್ಕಿಂತ ಹೆಚ್ಚು ಹೇಳಲಾರೆ. ನೀವು ಆಯ್ಕೆಯಾದರೆ ಕಂಪನಿ ನನಗೆ ಸ್ವಲ್ಪ ಬೋನಸ್ ಕೊಡುತ್ತದೆ, ಅದೂ ನಿಮಗೆ ತಿಳಿದಿರಲಿ. ನಿಮ್ಮ ಕಡೆಯಿಂದ ಒಂದು ರೂಪಾಯಿಯೂ ಬೇಡ. ರೆಫರಲಿಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಗುರುವಾರ ಸಂಜೆಯೊಳಗೆ ಒಂದು ಪುಟದ ರೆಸ್ಯೂಮೆ ಪಿಡಿಎಫ್, ನೀವು ದಿನವೂ ನೋಡುವ ಇಮೇಲ್ ವಿಳಾಸ, ಮತ್ತು ಈ ಹುದ್ದೆ ಏಕೆ ಬೇಕೆಂದು ನಿಮ್ಮದೇ ಮಾತಿನಲ್ಲಿ ಮೂರು ಸಾಲು ಕಳಿಸಿ. ಶುಕ್ರವಾರ ಪೋರ್ಟಲ್‌ಗೆ ಹಾಕಿ ತಿಳಿಸುತ್ತೇನೆ. ಆಮೇಲಿನ ನಿರ್ಧಾರ ನೇಮಕಾತಿ ತಂಡದ್ದು, ಅಲ್ಲಿ ನನ್ನ ಮಾತು ನಡೆಯುವುದಿಲ್ಲ. ಮೂರು ವಾರವಾದರೂ ಇಮೇಲ್ ಬಾರದಿದ್ದರೆ ಸಂಕೋಚವಿಲ್ಲದೆ ನೆನಪಿಸಿ, ವಿಚಾರಿಸಿ ಹೇಳುತ್ತೇನೆ.

ಶ್ವೇತಾ
ಕೊಟ್ಟಾರ, ಮಂಗಳೂರು